ಮುಖ ನೋಡದ ಸೀನಿಯರ್‌ಗೆ ಮೊದಲ ಇಮೇಲ್

ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬರಿಗೆ, ಅದರಲ್ಲೂ ಒಮ್ಮೆಯೂ ಮುಖ ನೋಡದವರಿಗೆ, ವೃತ್ತಿಯ ಬಗ್ಗೆ ಸಲಹೆ ಕೇಳಿ ಬರೆಯುವ ಮೊದಲ ಇಮೇಲ್‌ಗೆ ಉತ್ತರ ಬರುವುದೂ ಬಾರದಿರುವುದೂ ಬಹುಮಟ್ಟಿಗೆ ಅದರೊಳಗಿನ ಪ್ರಶ್ನೆಯ ಮೇಲೆ ನಿಂತಿದೆ. ವಿನಯ, ವ್ಯಾಕರಣ, ಸರಿಯಾದ ವಿಳಾಸ ಎಲ್ಲವೂ ಬೇಕು. ಆದರೆ ಪ್ರಶ್ನೆ ಸಡಿಲವಾಗಿದ್ದರೆ ಇವು ಯಾವುವೂ ಪತ್ರವನ್ನು ಕಾಪಾಡುವುದಿಲ್ಲ. ‘ಸರ್, ನನ್ನ ಕರಿಯರ್ ಬಗ್ಗೆ ಸ್ವಲ್ಪ ಗೈಡ್ ಮಾಡಿ’ ಎಂಬ ಸಾಲಿಗೆ ಉತ್ತರ ಕೊಡಬೇಕಾದರೆ ಓದಿದವರು ಮೊದಲು ಬರೆದವರ ಅಂಕ, ಆಸಕ್ತಿ, ಮನೆಯ ಸ್ಥಿತಿ, ಎಲ್ಲವನ್ನೂ ವಿಚಾರಿಸಬೇಕಾಗುತ್ತದೆ. ಸಹಾಯ ಮಾಡುವ ಮನಸ್ಸಿರುವವರೂ ‘ಭಾನುವಾರ ನಿಧಾನವಾಗಿ ಬರೆಯೋಣ’ ಎಂದು ಅಂಥ ಪತ್ರವನ್ನು ಬದಿಗಿಡುತ್ತಾರೆ. ಆ ಭಾನುವಾರ ಬರುವುದೇ ಇಲ್ಲ.

ವಿಷಯ ಕೈಗೆ ಸಿಗುವಂತಾಗಲು ಇಲ್ಲಿ ಒಂದು ಉದಾಹರಣೆಯನ್ನು ಇಟ್ಟುಕೊಳ್ಳಬಹುದು. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿವಿಲ್ ವಿಭಾಗದ ಏಳನೇ ಸೆಮಿಸ್ಟರಿನಲ್ಲಿರುವ ವಿದ್ಯಾರ್ಥಿನಿ. ಕ್ಯಾಂಪಸ್ ಆಯ್ಕೆಯಲ್ಲಿ ಕಟ್ಟಡ ಕಂಪನಿಯೊಂದರ ಸೈಟ್ ಎಂಜಿನಿಯರ್ ಕೆಲಸ ಸಿಕ್ಕಿದೆ. ಆಸೆ ಇರುವುದು ಸೇತುವೆಗಳ ವಿನ್ಯಾಸದಲ್ಲಿ, ಅಂದರೆ ಡಿಸೈನ್ ಕಚೇರಿಯಲ್ಲಿ. ಅಲ್ಲಿಗೆ ಸೇರಲು ಸ್ಟ್ರಕ್ಚರಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಇದ್ದರೆ ದಾರಿ ಸಲೀಸು, ಎಂ.ಟೆಕ್‌ಗೆ ಒಳ್ಳೆಯ ಕಡೆ ಸೀಟು ಬೇಕಾದರೆ ಗೇಟ್ ಪರೀಕ್ಷೆ ಬರೆಯಬೇಕು. ಸಿಕ್ಕ ಕೆಲಸಕ್ಕೆ ಹೋಗಿ ಆಮೇಲೆ ಓದುವುದೋ, ಕೆಲಸ ಬಿಟ್ಟು ನೇರವಾಗಿ ಓದುವುದೋ ಎಂಬುದು ಅವಳ ಮುಂದಿರುವ ಕವಲು.

ಇಂಥ ಕವಲಿನಲ್ಲಿ ನಿಂತವರು ಮೊದಲು ಕೇಳುವುದು ಮನೆಯವರನ್ನು, ಮೇಷ್ಟ್ರನ್ನು, ಗೆಳೆಯರನ್ನು. ಅವರ ಮಾತಿಗೆ ಬೆಲೆ ಇದೆ, ಆದರೆ ಅವರಿಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಕೇಳುವವರಿಗೂ ಗೊತ್ತಿರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ವಾದವೂ ಇದೇ ದಿಕ್ಕಿನದು: ಹತ್ತಿರದವರೆಲ್ಲ ಒಂದೇ ವಲಯದಲ್ಲಿ ಓಡಾಡುವುದರಿಂದ ಅವರ ಬಳಿ ಇರುವ ಸುದ್ದಿಯೂ ಒಂದೇ, ಕೆಲಸದಂಥ ವಿಷಯದಲ್ಲಿ ಹೊಸ ಮಾಹಿತಿ ಬರುವುದು ಹೆಚ್ಚಾಗಿ ದೂರದ ಪರಿಚಯಗಳಿಂದ. ಹಳೆಯ ವಿದ್ಯಾರ್ಥಿ ಅಂಥ ದೂರದ ಎಳೆ. ಮುಖಪರಿಚಯ ಇಲ್ಲದಿದ್ದರೂ ಅದೇ ಲ್ಯಾಬು, ಅದೇ ಸಿಲಬಸ್ಸು, ಅದೇ ಪ್ಲೇಸ್‌ಮೆಂಟ್ ಸೆಲ್ಲಿನ ಅನುಭವ ಇಬ್ಬರಿಗೂ ಇದೆ. ಆ ಒಂದು ಎಳೆಯಿಂದಲೇ ಪತ್ರ ತೆರೆದು ಓದಿಸಿಕೊಳ್ಳುತ್ತದೆ.

ಯಾರಿಗೆ

ಹಳೆಯ ವಿದ್ಯಾರ್ಥಿಗಳನ್ನು ಹುಡುಕಲು ಈಗ ಸುಲಭವಾದ ಜಾಗ ಲಿಂಕ್ಡ್‌ಇನ್. ಕಾಲೇಜಿನ ಪುಟ ತೆರೆದರೆ ಅದರಲ್ಲಿ ಹಳೆಯ ವಿದ್ಯಾರ್ಥಿಗಳಿಗೆಂದೇ ಒಂದು ವಿಭಾಗ ಇರುತ್ತದೆ. ಅಲ್ಲಿ ಊರು, ಕಂಪನಿ, ಓದಿದ ವಿಷಯ, ಓದಿದ ವರ್ಷಗಳನ್ನು ಆರಿಸಿ ಪಟ್ಟಿಯನ್ನು ಜರಡಿ ಹಿಡಿಯಬಹುದು. ದಾವಣಗೆರೆಯ ವಿದ್ಯಾರ್ಥಿನಿ ಅಲ್ಲಿ ಬೆಂಗಳೂರು, ಸಿವಿಲ್ ಎಂಜಿನಿಯರಿಂಗ್ ಎಂದು ಆರಿಸಿ, ಹುಡುಕುವ ಜಾಗದಲ್ಲಿ ಸೇತುವೆ ವಿನ್ಯಾಸಕ್ಕೆ ಸಂಬಂಧಿಸಿದ ಪದ ಹಾಕಿದರೆ ನೂರಾರು ಹೆಸರುಗಳು ಕೆಲವೇ ಆಗುತ್ತವೆ. ಲಿಂಕ್ಡ್‌ಇನ್‌ನಲ್ಲಿ ಇಲ್ಲದವರ ಸುಳಿವು ವಿಭಾಗದ ಮುಖ್ಯಸ್ಥರಲ್ಲೋ ಹಳೆಯ ವಿದ್ಯಾರ್ಥಿಗಳ ಸಂಘದಲ್ಲೋ ಸಿಗುತ್ತದೆ. ಎಷ್ಟೋ ಸಲ ಹದಿನೈದು ವರ್ಷದಿಂದ ಅದೇ ಲ್ಯಾಬಿನಲ್ಲಿರುವ ಇನ್‌ಸ್ಟ್ರಕ್ಟರ್‌ಗೆ ಸಂಘದ ಕಡತಕ್ಕಿಂತ ಹೆಚ್ಚು ಗೊತ್ತಿರುತ್ತದೆ.

ಪಟ್ಟಿಯಲ್ಲಿ ಕಣ್ಣಿಗೆ ಮೊದಲು ಬೀಳುವುದು ದೊಡ್ಡ ಹುದ್ದೆಯವರು: ನಿರ್ದೇಶಕರು, ಉಪಾಧ್ಯಕ್ಷರು, ಸ್ವಂತ ಕಂಪನಿ ಕಟ್ಟಿದವರು. ಈ ಪ್ರಶ್ನೆಗೆ ಅವರು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಕೆಲಸಕ್ಕೆ ಸೇರಿದವರಿಗೆ ಇಂದಿನ ಹೊಸಬರ ನೇಮಕಾತಿ ಹೇಗೆ ನಡೆಯುತ್ತದೆ ಎಂಬುದು ದೂರದಿಂದಷ್ಟೇ ಕಾಣುತ್ತದೆ. ಹಾಗೆಂದು ಕಳೆದ ವರ್ಷ ಹೊರಬಿದ್ದವರನ್ನು ಕೇಳಿದರೆ, ಅವರು ಕವಲಿನಲ್ಲಿ ಒಂದು ಕಡೆ ತಿರುಗಿರುತ್ತಾರೆ, ಆ ದಾರಿ ಎಲ್ಲಿಗೆ ಒಯ್ಯುತ್ತದೆಂದು ಇನ್ನೂ ಕಂಡಿರುವುದಿಲ್ಲ. ಐದರಿಂದ ಹನ್ನೆರಡು ವರ್ಷ ಮುಂದಿರುವವರು ಇದಕ್ಕೆ ಹೇಳಿ ಮಾಡಿಸಿದವರು. ಅವರು ತಮ್ಮ ತೀರ್ಮಾನದ ಫಲವನ್ನು ಉಂಡಿರುತ್ತಾರೆ, ಅದನ್ನು ಮರೆತಿರುವುದಿಲ್ಲ.

ಅದಕ್ಕಿಂತ ಮುಖ್ಯವಾಗಿ, ಅವರು ಅದೇ ಕವಲನ್ನು ದಾಟಿದವರಾಗಿರಬೇಕು. ಉದಾಹರಣೆಯ ವಿದ್ಯಾರ್ಥಿನಿಗೆ ಸಿಕ್ಕವರಲ್ಲಿ ಒಬ್ಬರ ಪ್ರೊಫೈಲ್ ಹೀಗಿದೆ ಎಂದುಕೊಳ್ಳೋಣ: ಸುಮಾರು ಹತ್ತು ವರ್ಷದ ಹಿಂದೆ ಪದವಿ, ಎರಡು ವರ್ಷ ಮೇಲ್ಸೇತುವೆ ಕಾಮಗಾರಿಯಲ್ಲಿ ಸೈಟ್ ಎಂಜಿನಿಯರ್, ಆಮೇಲೆ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಸ್ಟ್ರಕ್ಚರಲ್ ಎಂ.ಟೆಕ್, ಅಲ್ಲಿಂದ ಮುಂದೆ ಬೆಂಗಳೂರಿನ ಡಿಸೈನ್ ಕಚೇರಿಯಲ್ಲಿ ಸೇತುವೆಗಳ ಕೆಲಸ. ಇದೇ ಪಟ್ಟಿಯಲ್ಲಿ ಇನ್ನೂ ಹೆಸರಾಂತ ಕಂಪನಿಯಲ್ಲಿರುವವರು ಇರಬಹುದು. ಆದರೆ ಅವಳು ನಿಂತ ಜಾಗದಲ್ಲೇ ಒಮ್ಮೆ ನಿಂತು, ಒಂದು ದಾರಿಯನ್ನು ಹಿಡಿದು, ಅವಳು ತಲುಪಬೇಕೆಂದಿರುವ ಜಾಗವನ್ನು ತಲುಪಿದವರು ಇವರು.

ಪ್ರಶ್ನೆಯನ್ನು ಸೋಸುವುದು

ಬರೆಯಲು ಕೂತ ತಕ್ಷಣ ಮನಸ್ಸಿಗೆ ಬರುವ ಪ್ರಶ್ನೆಗಳನ್ನೆಲ್ಲ ಮೊದಲು ಒಂದು ಹಾಳೆಯಲ್ಲಿ ಗೀಚಿಕೊಳ್ಳುವುದು ಒಳ್ಳೆಯದು. ಅವನ್ನು ಕಳಿಸಲಿಕ್ಕಲ್ಲ, ಸೋಸಲಿಕ್ಕೆ. ಈ ವಿದ್ಯಾರ್ಥಿನಿಯ ಹಾಳೆಯಲ್ಲಿ ಐದು ಇವೆ ಎಂದಿಟ್ಟುಕೊಳ್ಳೋಣ. ಕೆಲಸ ಒಳ್ಳೆಯದೋ ಎಂ.ಟೆಕ್ ಒಳ್ಳೆಯದೋ? ಗೇಟ್ ಅಂಕ ಎಷ್ಟು ವರ್ಷ ನಡೆಯುತ್ತದೆ? ಡಿಸೈನ್ ಕಚೇರಿಯಲ್ಲಿ ಸಂಬಳ ಎಷ್ಟು? ಯಾವ ಸಾಫ್ಟ್‌ವೇರ್ ಕಲಿಯಬೇಕು? ಸೈಟ್‌ನಲ್ಲಿ ಹುಡುಗಿಯರಿಗೆ ಹೇಗಿರುತ್ತದೆ?

ಗೇಟ್ ಅಂಕದ ಪ್ರಶ್ನೆ ಮೊದಲು ಬಿದ್ದುಹೋಗಬೇಕು. ಫಲಿತಾಂಶ ಪ್ರಕಟವಾದ ದಿನದಿಂದ ಮೂರು ವರ್ಷ ಅಂಕ ಚಾಲ್ತಿಯಲ್ಲಿರುತ್ತದೆಂದು ಪರೀಕ್ಷೆಯ ಜಾಲತಾಣದಲ್ಲೇ ಬರೆದಿದೆ. ಹತ್ತು ನಿಮಿಷದಲ್ಲಿ ಹುಡುಕಿ ತಿಳಿಯಬಹುದಾದದ್ದನ್ನು ಒಬ್ಬರ ಕೈಲಿ ಕೇಳಿದರೆ, ಕೇಳಿದವರು ಏನೂ ಓದದೆ ಬಂದಿದ್ದಾರೆ ಎಂಬ ಭಾವನೆ ಮೊದಲ ಸಾಲಿಗೇ ಮೂಡುತ್ತದೆ. ಆದರೆ ಹುಡುಕಿದ್ದರಿಂದ ಇನ್ನೊಂದು ಲಾಭವೂ ಇದೆ. ಗೇಟ್ ನಡೆಯುವುದು ಸಾಮಾನ್ಯವಾಗಿ ಫೆಬ್ರವರಿಯಲ್ಲಿ, ಫಲಿತಾಂಶ ಮಾರ್ಚ್‌ನಲ್ಲಿ, ಎನ್‌ಐಟಿಗಳ ಎಂ.ಟೆಕ್ ಕೌನ್ಸೆಲಿಂಗ್ ಬೇಸಿಗೆಯಿಂದಾಚೆಗೆ. ಹಾಗಾಗಿ ಒಂದು ಸಲ ಪಡೆದ ಅಂಕ ಆ ವರ್ಷಕ್ಕೂ, ಮುಂದಿನ ಎರಡು ವರ್ಷದ ಪ್ರವೇಶಕ್ಕೂ ಒದಗುತ್ತದೆ. ಅಂದರೆ ಎಂಟನೇ ಸೆಮಿಸ್ಟರಿನಲ್ಲಿ ಗೇಟ್ ಬರೆದು, ಎರಡು ವರ್ಷ ಸೈಟ್‌ನಲ್ಲಿ ದುಡಿದು, ಅದೇ ಅಂಕದ ಮೇಲೆ ಎಂ.ಟೆಕ್ ಸೇರುವ ಮೂರನೆಯ ದಾರಿಯೂ ಇದೆ. ಕೆಲಸವೋ ಓದೋ ಎಂದು ಎರಡೇ ಕಾಣುತ್ತಿದ್ದ ಕವಲು ಇಲ್ಲಿ ಬೇರೆಯೇ ರೂಪ ಪಡೆಯುತ್ತದೆ: ಕೆಲಸ ಮೊದಲೋ, ಓದು ಮೊದಲೋ? ಹಳೆಯ ವಿದ್ಯಾರ್ಥಿಗೆ ಬರೆಯುವ ಮುನ್ನವೇ ಪ್ರಶ್ನೆಯ ಅರ್ಧ ಭಾಗ ಇತ್ಯರ್ಥವಾಯಿತು.

ಯಾವ ಸಾಫ್ಟ್‌ವೇರ್ ಎಂಬುದೂ ಹೆಚ್ಚು ಕಡಿಮೆ ಅಂಥದ್ದೇ. ಡಿಸೈನ್ ಕಚೇರಿಗಳ ನೇಮಕಾತಿ ಜಾಹೀರಾತುಗಳನ್ನು ಹತ್ತಿಪ್ಪತ್ತು ಓದಿದರೆ ಸ್ಟಾಡ್ ಪ್ರೊ, ಮೈದಾಸ್ ಮುಂತಾದ ಹೆಸರುಗಳು ಮತ್ತೆ ಮತ್ತೆ ಬರುತ್ತವೆ, ಜೊತೆಗೆ ಕಾಂಕ್ರೀಟ್ ರಸ್ತೆ ಸೇತುವೆಗಳ ಸಂಹಿತೆ ಐಆರ್‌ಸಿ 112 ಗೊತ್ತಿರಬೇಕು ಎಂಬ ಸಾಲೂ ಕಾಣುತ್ತದೆ. ಸಂಬಳದ ಪ್ರಶ್ನೆ ತಪ್ಪೇನಲ್ಲ, ಆದರೆ ಅಪರಿಚಿತರ ಮೊದಲ ಪತ್ರದಲ್ಲಿ ಅದು ಮುಜುಗರ ತರುತ್ತದೆ. ಪರಿಚಯ ಬೆಳೆದ ಮೇಲೆ ಬಹಳ ಮಂದಿ ಕೇಳದೆಯೇ ಹೇಳುತ್ತಾರೆ.

ಸೈಟ್‌ನಲ್ಲಿ ಹುಡುಗಿಯರಿಗೆ ಹೇಗಿರುತ್ತದೆ ಎಂಬುದು ನಿಜವಾದ ಪ್ರಶ್ನೆ. ರಾತ್ರಿ ಕಾಂಕ್ರೀಟ್ ಹಾಕುವ ದಿನ ವಾಪಸಾಗುವುದು ಹೇಗೆ, ಸೈಟ್‌ನಲ್ಲಿ ಶೌಚಾಲಯ ಇರುತ್ತದೋ ಇಲ್ಲವೋ, ಕಂಪನಿ ಕೊಡುವ ವಸತಿ ಎಂಥದ್ದು ಎಂಬಂಥ ವಿಷಯ ಯಾವ ಜಾಲತಾಣದಲ್ಲೂ ಸಿಗುವುದಿಲ್ಲ. ಆದರೆ ಅದಕ್ಕೆ ಉತ್ತರ ಗೊತ್ತಿರುವುದು ಸೈಟ್‌ನಲ್ಲಿ ದುಡಿದ ಹೆಣ್ಣುಮಗಳಿಗೆ. ಮೇಲಿನ ಪ್ರೊಫೈಲಿನವರು ಗಂಡಸು, ಅವರನ್ನು ಕೇಳಿದರೆ ‘ನಮ್ಮಲ್ಲಿ ಇಬ್ಬರಿದ್ದರು, ಏನೂ ತೊಂದರೆ ಇರಲಿಲ್ಲ’ ಎಂಬ ಉತ್ತರ ಬಂದೀತು, ಅದರಿಂದ ತಿಳಿಯುವುದು ಕಡಿಮೆ. ಈ ಪ್ರಶ್ನೆಯನ್ನು ಎತ್ತಿಟ್ಟುಕೊಂಡು, ಅದೇ ಪಟ್ಟಿಯಲ್ಲಿ ಸೈಟ್ ಅನುಭವವಿರುವ ಹಳೆಯ ವಿದ್ಯಾರ್ಥಿನಿಯೊಬ್ಬರನ್ನು ಹುಡುಕಿ ಅವರಿಗೆ ಬೇರೆ ಪತ್ರ ಬರೆಯಬೇಕು.

ಉಳಿದದ್ದು ‘ಯಾವುದು ಒಳ್ಳೆಯದು’ ಎಂಬ ಮೊದಲ ಪ್ರಶ್ನೆ. ಇದು ತೀರ್ಪು ಕೇಳುವ ಪ್ರಶ್ನೆ. ಇನ್ನೊಬ್ಬರ ಬದುಕಿನ ತೀರ್ಪನ್ನು ಕೊಡಲು ಜವಾಬ್ದಾರಿ ಇರುವ ಯಾರಾದರೂ ಹಿಂಜರಿಯುತ್ತಾರೆ, ಕೊನೆಗೆ ‘ಎರಡೂ ಒಳ್ಳೆಯದೇ, ನಿಮ್ಮ ಆಸಕ್ತಿ ನೋಡಿಕೊಳ್ಳಿ’ ಎಂದು ಬರೆದು ಮುಗಿಸುತ್ತಾರೆ. ಅದೇ ಪ್ರಶ್ನೆಯನ್ನು ಅವರಿಗೆ ನಡೆದದ್ದರ ಕಡೆಗೆ ತಿರುಗಿಸಿದರೆ ಉತ್ತರ ಬರೆಯುವುದು ಸುಲಭವಾಗುತ್ತದೆ. ಎಂ.ಟೆಕ್ ಮುಗಿಸಿ ಡಿಸೈನ್ ಕಚೇರಿಗೆ ಸೇರುವಾಗ ಅವರ ಎರಡು ವರ್ಷದ ಸೈಟ್ ಅನುಭವವನ್ನು ಲೆಕ್ಕಕ್ಕೆ ಹಿಡಿದರೇ, ಹೊಸಬರಂತೆಯೇ ಶುರುಮಾಡಬೇಕಾಯಿತೇ? ಇದನ್ನು ಬೇರೆ ಯಾರೂ ಹೇಳಲಾರರು. ಅವರಿಗೆ ಯೋಚಿಸಬೇಕಾದ್ದೂ ಇಲ್ಲ, ನೆನಪಿಸಿಕೊಂಡರೆ ಸಾಕು. ಮೆಟ್ರೋದಲ್ಲಿ ನಿಂತುಕೊಂಡೇ ಫೋನಿನಲ್ಲಿ ಮೂರು ಸಾಲು ಬರೆದುಬಿಡಬಹುದು. ಮೊದಲ ಪತ್ರದ ಪ್ರಶ್ನೆ ಸೋಸಿ ಮುಗಿದಿದೆಯೇ ಎಂದು ನೋಡಲು ಈ ಎರಡು ಪರೀಕ್ಷೆ ಸಾಕು: ಉತ್ತರ ಅವರೊಬ್ಬರ ಬಳಿಯೇ ಇದೆಯೇ, ಅದನ್ನು ನಿಂತ ನಿಲುವಿನಲ್ಲಿ ಬರೆಯಲಾದೀತೇ.

ಪತ್ರ

ಈ ಸೋಸುವಿಕೆ ಇಲ್ಲದೆ ಬರೆದ ಪತ್ರ ಹೇಗಿರುತ್ತದೆಂದು ಊಹಿಸುವುದು ಕಷ್ಟವಲ್ಲ. ‘ರೆಸ್ಪೆಕ್ಟೆಡ್ ಸರ್’ ಎಂದು ಶುರುವಾಗಿ, ಅವರ ಸಾಧನೆ ತುಂಬ ಸ್ಫೂರ್ತಿ ಕೊಟ್ಟಿತೆಂದು ಎರಡು ಸಾಲು, ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಈವರೆಗಿನ ಅಂಕಪಟ್ಟಿ, ಮಾಡಿದ ಪ್ರಾಜೆಕ್ಟುಗಳು, ಐದು ಪ್ರಶ್ನೆಗಳು, ‘ದಯವಿಟ್ಟು ನಿಮ್ಮ ಅಮೂಲ್ಯ ಸಮಯದಲ್ಲಿ ಹದಿನೈದು ನಿಮಿಷ ಕೊಡಿ’, ಕೊನೆಗೆ ‘ನಿಮ್ಮ ಕಂಪನಿಯಲ್ಲಿ ಅವಕಾಶವಿದ್ದರೆ ತಿಳಿಸಿ’ ಎಂಬ ಸಾಲಿನ ಜೊತೆ ರೆಸ್ಯೂಮೆ. ಇದರಲ್ಲಿ ಒಂದೊಂದೂ ಅಮಾಯಕವೇ. ಒಟ್ಟಿಗೆ ಓದಿದರೆ ಮಾತ್ರ ಕೊನೆಯ ಸಾಲು ಉಳಿದೆಲ್ಲವನ್ನೂ ತಿಂದುಬಿಡುತ್ತದೆ. ಸಲಹೆ ಎಂಬುದು ಪೀಠಿಕೆ, ಬೇಕಾದದ್ದು ಕೆಲಸ ಎಂದು ಓದಿದವರು ತೀರ್ಮಾನಿಸುತ್ತಾರೆ, ಮತ್ತು ರೆಸ್ಯೂಮೆಯನ್ನು ಎಚ್‌ಆರ್‌ಗೆ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಕೆಲಸ ಬೇಕಿದ್ದರೆ ಅದನ್ನು ನೇರವಾಗಿ, ಬೇರೆ ಪತ್ರದಲ್ಲಿ ಕೇಳುವುದೇ ಮೇಲು.

ಸೋಸಿದ ಮೇಲೆ ಅದೇ ವಿದ್ಯಾರ್ಥಿನಿಯ ಪತ್ರ ಹೀಗಿರಬಹುದು:

ವಿಷಯ: ದಾವಣಗೆರೆ ಸಿವಿಲ್ ಜೂನಿಯರ್, ಸೈಟ್ ಅನುಭವದ ಬಗ್ಗೆ ಒಂದು ಪ್ರಶ್ನೆ

ನಮಸ್ಕಾರ ಸರ್,

ನಾನು ದಾವಣಗೆರೆಯ (ಕಾಲೇಜಿನ ಹೆಸರು) ಸಿವಿಲ್ ವಿಭಾಗದಲ್ಲಿ ಏಳನೇ ಸೆಮಿಸ್ಟರ್ ಓದುತ್ತಿದ್ದೇನೆ. ಲಿಂಕ್ಡ್‌ಇನ್‌ನಲ್ಲಿ ನಮ್ಮ ಕಾಲೇಜಿನವರನ್ನು ಹುಡುಕುವಾಗ ನಿಮ್ಮ ಪ್ರೊಫೈಲ್ ನೋಡಿದೆ. ನೀವು ಎರಡು ವರ್ಷ ಮೇಲ್ಸೇತುವೆ ಸೈಟ್‌ನಲ್ಲಿದ್ದು, ಆಮೇಲೆ ಸುರತ್ಕಲ್‌ನಲ್ಲಿ ಎಂ.ಟೆಕ್ ಮಾಡಿ ಡಿಸೈನ್‌ಗೆ ಬಂದಿದ್ದೀರಿ.

ನನಗೂ ಸೇತುವೆ ಡಿಸೈನ್‌ಗೆ ಹೋಗುವ ಆಸೆ ಇದೆ. ಕ್ಯಾಂಪಸ್‌ನಲ್ಲಿ ಸೈಟ್ ಎಂಜಿನಿಯರ್ ಕೆಲಸ ಸಿಕ್ಕಿದೆ, ಫೆಬ್ರವರಿಯಲ್ಲಿ ಗೇಟ್ ಬರೆಯುತ್ತಿದ್ದೇನೆ. ಅಂಕ ಮೂರು ವರ್ಷ ನಡೆಯುವುದರಿಂದ ಎರಡು ವರ್ಷ ಸೈಟ್‌ನಲ್ಲಿದ್ದು ಎಂ.ಟೆಕ್ ಸೇರುವುದೋ, ನೇರವಾಗಿ ಸೇರುವುದೋ ಎಂದು ಯೋಚಿಸುತ್ತಿದ್ದೇನೆ.

ನನ್ನ ಪ್ರಶ್ನೆ ಒಂದೇ: ಡಿಸೈನ್ ಕಚೇರಿಗೆ ಸೇರುವಾಗ ನಿಮ್ಮ ಸೈಟ್ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಂಡರೇ, ಅಥವಾ ಫ್ರೆಶರ್ ಆಗಿಯೇ ಶುರುಮಾಡಬೇಕಾಯಿತೇ?

ಈ ತಿಂಗಳ ಕೊನೆಗೆ ಕಂಪನಿಗೆ ಒಪ್ಪಿಗೆ ತಿಳಿಸಬೇಕಿದೆ. ಎರಡು ಸಾಲು ಬರೆದರೂ ನನಗೆ ಸಾಕು.

ವಂದನೆಗಳೊಂದಿಗೆ,
(ಹೆಸರು)

ಪತ್ರ ನೂರು ಪದದ ಆಸುಪಾಸಿನಲ್ಲಿದೆ. ಫೋನಿನಲ್ಲಿ ತೆರೆದರೆ ಬೆರಳಿನಿಂದ ಒಂದೆರಡು ಸಲ ಸರಿಸಿದರೆ ಮುಗಿಯುತ್ತದೆ, ಹಾಗಾಗಿ ಓದಿದವರು ‘ಆಮೇಲೆ ನೋಡೋಣ’ ಎಂದುಕೊಳ್ಳುವ ಮೊದಲೇ ಪ್ರಶ್ನೆ ಅವರ ಮುಂದಿರುತ್ತದೆ.

ವಿಷಯದ ಸಾಲು ಫೋನಿನ ಪರದೆಯಲ್ಲಿ ಪೂರ್ತಿ ಕಾಣುವುದು ಅಪರೂಪ. ಮೊದಲ ಮೂರು ನಾಲ್ಕು ಪದ ಕಂಡು ಉಳಿದದ್ದು ಚುಕ್ಕಿಗಳಾಗಿ ಮರೆಯಾಗುತ್ತದೆ. ಆದ್ದರಿಂದ ಅಪರಿಚಿತರನ್ನು ಪರಿಚಿತರ ಹತ್ತಿರ ತರುವ ಪದ, ಇಲ್ಲಿ ದಾವಣಗೆರೆ ಮತ್ತು ಸಿವಿಲ್, ಎಲ್ಲಕ್ಕಿಂತ ಮೊದಲು ಬರಬೇಕು. ‘ಮಾರ್ಗದರ್ಶನ ಕೋರಿ’ ಎಂದು ಶುರುಮಾಡಿದರೆ ಪರದೆಯಲ್ಲಿ ಕಾಣುವುದು ಅದಷ್ಟೇ, ಮತ್ತು ಅದು ತರಬೇತಿ ಸಂಸ್ಥೆಗಳ ಜಾಹೀರಾತಿನಂತೆ ಓದಿಸುತ್ತದೆ.

ಸಂಬೋಧನೆಯಲ್ಲಿ ತಡವರಿಸುವವರು ಬಹಳ. ಕಾಲೇಜಿನ ಅಂಗಳದಲ್ಲಿ ಸೀನಿಯರುಗಳನ್ನು ಅಣ್ಣ, ಅಕ್ಕ ಎಂದು ಕರೆಯುವುದು ರೂಢಿ. ಹತ್ತು ವರ್ಷ ದೊಡ್ಡವರಾದ, ಕಂಡಿರದ ಒಬ್ಬರಿಗೆ ಮೊದಲ ಪತ್ರದಲ್ಲೇ ಆ ಸಲುಗೆ ಹೊಂದುವುದಿಲ್ಲ. ಸರ್, ಮೇಡಂ ಸರಿ. ಹೆಸರು ನೋಡಿ ಹೆಣ್ಣೋ ಗಂಡೋ ತಿಳಿಯದಿದ್ದರೆ ಹೆಸರಿನ ಮುಂದೆ ‘ಅವರಿಗೆ’ ಸೇರಿಸಿ ಬರೆದರೆ ಆಯಿತು. ಅವರೇ ಉತ್ತರದಲ್ಲಿ ‘ಸರ್ ಬೇಡ, ಹೆಸರು ಹಿಡಿದು ಕರೆ’ ಎಂದರೆ ಮುಂದಿನ ಪತ್ರದಿಂದ ಹಾಗೆಯೇ ಕರೆಯಬಹುದು. ಐಟಿ ಕಚೇರಿಗಳಲ್ಲಿರುವವರು ಹಾಗೆ ಹೇಳುವುದು ಹೆಚ್ಚು, ಸರ್ಕಾರಿ ಇಲಾಖೆಯಲ್ಲಿರುವವರು ಹೇಳುವುದು ಕಡಿಮೆ.

ಭಾಷೆಯ ವಿಚಾರದಲ್ಲಿ ಕಟ್ಟುನಿಟ್ಟಿನ ನಿಯಮವಿಲ್ಲ. ಹೆಚ್ಚಿನವರು ಇಂಗ್ಲಿಷಿನಲ್ಲೇ ಬರೆಯುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಆದರೆ ಇಂಗ್ಲಿಷಿನ ಅಳುಕಿನಿಂದ ಎಲ್ಲಿಂದಲೋ ಎತ್ತಿ ತಂದ ಉದ್ದುದ್ದ ವಾಕ್ಯಗಳನ್ನು ಹೊಲಿಯುವುದಕ್ಕಿಂತ, ಎದುರಿನವರಿಗೆ ಕನ್ನಡ ಬರುತ್ತದೆಂದು ಗೊತ್ತಿದ್ದಲ್ಲಿ ನೆಟ್ಟಗೆ ಕನ್ನಡದಲ್ಲಿ ಬರೆದ ಪತ್ರ ಎಷ್ಟೋ ಪಾಲು ಸ್ಪಷ್ಟ. ಕಾಲೇಜಿಗೆ ಹೊರರಾಜ್ಯಗಳಿಂದ ಬಂದು ಓದಿದವರೂ ಇರುತ್ತಾರಾದ್ದರಿಂದ ಅದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಇಂಗ್ಲಿಷಿನಲ್ಲಿ ಬರೆದರೂ ಪತ್ರದ ಕ್ರಮ ಬದಲಾಗುವುದಿಲ್ಲ.

ಪತ್ರದ ಮೊದಲ ಪ್ಯಾರಾದಲ್ಲಿ ಅವರ ಬಗ್ಗೆ ಬರೆದ ವಾಕ್ಯ ಹೊಗಳಿಕೆಯಲ್ಲ ಎಂಬುದನ್ನು ಗಮನಿಸಬೇಕು. ಸೈಟ್, ಸುರತ್ಕಲ್, ಡಿಸೈನ್ ಎಂಬ ಮೂರು ನಿಜಸಂಗತಿಗಳಷ್ಟೇ ಅಲ್ಲಿವೆ. ತಮ್ಮನ್ನೇ ಏಕೆ ಆರಿಸಿದರು ಎಂಬ ಅನುಮಾನಕ್ಕೆ ಅದು ಉತ್ತರ. ‘ನಿಮ್ಮ ಪಯಣ ಸ್ಫೂರ್ತಿದಾಯಕ’ ಎಂಬ ಸಾಲನ್ನು ಯಾರಿಗೆ ಬೇಕಾದರೂ ಬರೆಯಬಹುದು. ಈ ಸಾಲನ್ನು ಅವರೊಬ್ಬರಿಗೆ ಮಾತ್ರ ಬರೆಯಲು ಸಾಧ್ಯ. ಎರಡನೆಯ ಪ್ಯಾರಾದಲ್ಲಿರುವ ಗೇಟ್ ಅಂಕದ ಮಾತೂ ಹಾಗೆಯೇ, ಹುಡುಕಬೇಕಾದದ್ದನ್ನು ಹುಡುಕಿಕೊಂಡೇ ಬಂದಿದ್ದಾಳೆ ಎಂದು ಸದ್ದಿಲ್ಲದೆ ಹೇಳುತ್ತದೆ. ತಿಂಗಳ ಕೊನೆಯ ಗಡುವು ನಿಜವಾಗಿದ್ದರೆ ಮಾತ್ರ ಬರೆಯತಕ್ಕದ್ದು. ಗಡುವು ಕಂಪನಿಯದ್ದು, ಬರೆದವರದ್ದಲ್ಲ. ಹಾಗಾಗಿ ಅದು ಒತ್ತಾಯದಂತೆ ಕೇಳಿಸುವುದಿಲ್ಲ. ‘ಆದಷ್ಟು ಬೇಗ ಉತ್ತರಿಸಿ’ ಎಂಬುದು ಹಾಗೆ ಕೇಳಿಸುತ್ತದೆ.

ಕಳಿಸುವಾಗ

ವಿಳಾಸ ಸಿಗದಿದ್ದಾಗ ಕಂಪನಿಯ ಹೆಸರಿನ ಮುಂದೆ ಅವರ ಹೆಸರನ್ನು ಜೋಡಿಸಿ ಕಚೇರಿಯ ಇಮೇಲ್ ವಿಳಾಸವನ್ನು ಊಹಿಸುವ ಚಾಳಿ ಇದೆ. ಇದು ಬೇಡ. ಊಹೆ ತಪ್ಪಾದರೆ ಪತ್ರ ಹಿಂದಿರುಗುತ್ತದೆ, ಇನ್ನೂ ಕೆಟ್ಟದ್ದೆಂದರೆ ಅದೇ ಹೆಸರಿನ ಬೇರೊಬ್ಬರಿಗೆ ತಲುಪುತ್ತದೆ. ಊಹೆ ಸರಿಯಾದರೂ, ಕಚೇರಿಯ ಇಮೇಲ್ ಕಂಪನಿಯ ಸೊತ್ತು. ತಾನು ಕೆಲಸಕ್ಕೆ ಸೇರಿದ್ದು ಹೇಗೆ ಎಂಬುದನ್ನು ಅಲ್ಲಿ ಮನಬಿಚ್ಚಿ ಬರೆಯಲು ಯಾರಿಗೂ ಸಂಕೋಚವೇ. ಹಳೆಯ ವಿದ್ಯಾರ್ಥಿಗಳ ಸಂಘದ ಮೂಲಕವೋ ವಿಭಾಗದ ಮುಖ್ಯಸ್ಥರ ಮೂಲಕವೋ ‘ಈ ವಿದ್ಯಾರ್ಥಿನಿಗೆ ನಿಮ್ಮ ಇಮೇಲ್ ಕೊಡಬಹುದೇ’ ಎಂದು ಕೇಳಿಸುವುದು ಒಂದು ದಾರಿ. ಲಿಂಕ್ಡ್‌ಇನ್‌ನಲ್ಲಿ ಎರಡು ವಾಕ್ಯದ ಕೋರಿಕೆ ಕಳಿಸಿ, ಒಪ್ಪಿದ ಮೇಲೆ ಪತ್ರ ಕಳಿಸುವುದು ಇನ್ನೊಂದು. ಸ್ನೇಹಿತರ ಸ್ನೇಹಿತರಿಂದ ಫೋನ್ ನಂಬರ್ ಪಡೆದು ನೇರವಾಗಿ ವಾಟ್ಸ್ಆ್ಯಪ್‌ನಲ್ಲಿ ಮೆಸೇಜ್ ಹಾಕುವುದು ಎಷ್ಟೇ ಸುಲಭವಾದರೂ ಮನೆಯೊಳಗೆ ನುಗ್ಗಿದಂತೆ ಅನ್ನಿಸುತ್ತದೆ.

ಕಳಿಸುವ ವಿಳಾಸದ ಕಡೆಗೂ ಒಮ್ಮೆ ನೋಡಬೇಕು. ಪಿಯುಸಿಯಲ್ಲಿ ಆಟಕ್ಕೆಂದು ತೆರೆದ ಖಾತೆಯಲ್ಲಿ ಸಿನಿಮಾ ನಾಯಕನ ಹೆಸರೋ ಅಡ್ಡಹೆಸರೋ ಉಳಿದಿರುತ್ತದೆ. ಓದುವವರಿಗೆ ಮೊದಲು ಕಾಣುವುದು ಅದೇ. ಇನ್ನು, ಪತ್ರದ ಮೇಲ್ಭಾಗ ಒಂದು ಅಕ್ಷರವಿನ್ಯಾಸದಲ್ಲೂ ಕೆಳಭಾಗ ಇನ್ನೊಂದರಲ್ಲೂ ಇದ್ದರೆ, ಹೆಸರನ್ನು ಮಾತ್ರ ಬದಲಾಯಿಸಿ ಹತ್ತು ಮಂದಿಗೆ ಕಳಿಸಿದ್ದೆಂದು ಓದಿದವರಿಗೆ ಕೂಡಲೇ ತಿಳಿಯುತ್ತದೆ. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದಾಗ ಹೀಗಾಗುತ್ತದೆ. ಒಂದೇ ಕಚೇರಿಯಲ್ಲಿರುವ ಇಬ್ಬರಿಗೆ ಅದೇ ಪತ್ರ ಹೋದರೆ ಚಹಾ ಹೊತ್ತಿಗೆ ಇಬ್ಬರಿಗೂ ಗೊತ್ತಾಗಿರುತ್ತದೆ. ಅರ್ಧ ಬರೆದ ಪತ್ರ ಕೈತಪ್ಪಿ ಹೋಗದಿರಲು ಅವರ ವಿಳಾಸವನ್ನು ಎಲ್ಲಕ್ಕಿಂತ ಕೊನೆಗೆ ತುಂಬುವುದು ಜಾಣತನ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ಹಿಂದೆಗೆಯುವ ಅವಧಿಯನ್ನು ಸೆಟ್ಟಿಂಗ್‌ನಲ್ಲಿ 30 ಸೆಕೆಂಡಿನವರೆಗೆ ಹೆಚ್ಚಿಸಿಕೊಳ್ಳಬಹುದು, ಹೆಸರಿನ ಕಾಗುಣಿತ ತಪ್ಪಿದ್ದು ಕಳಿಸಿದ ಮರುಕ್ಷಣವೇ ಕಣ್ಣಿಗೆ ಬೀಳುವುದುಂಟು. ಸಮಯದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ನಡುರಾತ್ರಿ ಎರಡು ಗಂಟೆಗೆ ಕಳಿಸದಿದ್ದರೆ ಆಯಿತು.

ಉತ್ತರ ಬಂದಾಗ, ಬಾರದಾಗ

ಉತ್ತರಗಳು ಸಾಮಾನ್ಯವಾಗಿ ಚಿಕ್ಕವು. ‘ಡಿಸೈನ್‌ನಲ್ಲಿ ಫ್ರೆಶರ್ ಆಗಿಯೇ ತೆಗೆದುಕೊಂಡರು. ಸಂಬಳದಲ್ಲಿ ಸೈಟ್ ಲೆಕ್ಕಕ್ಕೆ ಬರಲಿಲ್ಲ. ಆದರೆ ಡ್ರಾಯಿಂಗ್ ನೋಡಿದ ತಕ್ಷಣ ಸರಳು ಕಟ್ಟಲು ಜಾಗ ಇದೆಯೋ ಇಲ್ಲವೋ ಹೇಳುತ್ತಿದ್ದೆ, ಅದು ಬಹಳ ಉಪಯೋಗಕ್ಕೆ ಬಂತು’ ಎಂಬಷ್ಟೇ ಬಂದೀತು. ಇದು ಪೂರ್ಣ ಉತ್ತರ. ಹಣದ ಲೆಕ್ಕದಲ್ಲಿ ಎರಡು ವರ್ಷ ಹೋಯಿತು, ಕೌಶಲದ ಲೆಕ್ಕದಲ್ಲಿ ಉಳಿಯಿತು ಎಂಬುದು ಅದರಲ್ಲಿ ಸ್ಪಷ್ಟವಾಗಿದೆ, ತೀರ್ಮಾನ ಈಗ ಅವಳದ್ದು. ಜೊತೆಗೆ ಇದು ಒಬ್ಬರ, ಒಂದು ಕಚೇರಿಯ, ದಶಕದ ಹಿಂದೆ ಶುರುವಾದ ದಾರಿಯ ಅನುಭವ. ಇದೇ ಪ್ರಶ್ನೆಯನ್ನು ಬೇರೆ ಕಚೇರಿಗಳಲ್ಲಿರುವ ಇನ್ನಿಬ್ಬರಿಗೆ ಅವರವರ ಹಾದಿಗೆ ತಕ್ಕಂತೆ ಬರೆದು ಕೇಳದೆ ಅದನ್ನೇ ನಿಯಮವೆಂದು ನಂಬುವುದು ಸರಿಯಲ್ಲ.

ಧನ್ಯವಾದವನ್ನು ಅದೇ ದಿನ, ಎರಡು ಸಾಲಿನಲ್ಲಿ, ಅವರ ಉತ್ತರದಲ್ಲಿ ಯಾವುದು ಉಪಯೋಗವಾಯಿತು ಎಂದು ಹೆಸರಿಸಿ ಬರೆಯಬೇಕು. ಆ ಪತ್ರಕ್ಕೆ ಹೊಸ ಪ್ರಶ್ನೆಯೊಂದನ್ನು ಕಟ್ಟಿ ಕಳಿಸುವ ಆಸೆ ಬರುತ್ತದೆ, ತಡೆದುಕೊಳ್ಳಬೇಕು. ‘ಫೋನ್ ಮಾಡಿ, ಮಾತಾಡೋಣ’ ಎಂದು ಅವರೇ ಬರೆದಿದ್ದರೆ ವಿಷಯ ಬೇರೆ. ಆಗ ಎರಡು ದಿನದೊಳಗೆ ಸಮಯ ಕೇಳಿ, ಎರಡು ಮೂರು ಪ್ರಶ್ನೆ ಬರೆದಿಟ್ಟುಕೊಂಡು ಕರೆ ಮಾಡುವುದು. ಹಾಳೆಯಲ್ಲಿ ಉಳಿದಿದ್ದ ಸಂಬಳದ ಪ್ರಶ್ನೆಗೆ ಅಲ್ಲಿ ಜಾಗವಿದೆ. ‘ರೆಸ್ಯೂಮೆ ಕಳಿಸಿ’ ಎಂದು ಅವರಾಗಿ ಕೇಳಿದರೆ ಕಳಿಸಬಹುದು, ಕೇಳಿದ್ದು ಅವರು ಎಂಬುದರಿಂದ ಅದರ ತೂಕವೇ ಬೇರೆ.

ಉತ್ತರ ಬಾರದಿದ್ದರೆ ಎಂಟು ಹತ್ತು ದಿನ ಕಾದು ಅದೇ ಪತ್ರದ ಕೆಳಗೆ ಒಂದು ಸಾಲು ಸೇರಿಸಿ ಮತ್ತೆ ಕಳಿಸಬಹುದು: ‘ಸರ್, ಪತ್ರ ಕಣ್ಣಿಗೆ ಬೀಳದೆ ಹೋಗಿರಬಹುದೆಂದು ಮತ್ತೊಮ್ಮೆ ಕಳಿಸುತ್ತಿದ್ದೇನೆ.’ ಇದು ಎಷ್ಟೋ ಸಲ ಕೆಲಸ ಮಾಡುತ್ತದೆ, ಏಕೆಂದರೆ ಮೊದಲ ಪತ್ರವನ್ನು ನಿಜವಾಗಿಯೂ ನೋಡಿರುವುದಿಲ್ಲ, ಇಲ್ಲವೇ ಸ್ಪ್ಯಾಮ್‌ಗೆ ಬಿದ್ದಿರುತ್ತದೆ. ಮೂರನೆಯ ಸಲ ಕಳಿಸಬಾರದು. ಮಾರ್ಚ್ ತಿಂಗಳಾದರೆ ಲೆಕ್ಕಪತ್ರದವರು, ಮಳೆಗಾಲಕ್ಕೆ ಮುನ್ನ ಸೈಟ್‌ನವರು ಎಡೆಬಿಡದೆ ದುಡಿಯುತ್ತಿರುತ್ತಾರೆ. ಮೌನಕ್ಕೆ ಕಾರಣ ಬಹುಪಾಲು ಅಷ್ಟೇ ಇರುತ್ತದೆ. ಮೂರು ನಾಲ್ಕು ಮಂದಿಗೆ ಬರೆದರೂ ಯಾರಿಂದಲೂ ಮಾತಿಲ್ಲ ಎಂದಾದಾಗ ಮಾತ್ರ ಪತ್ರವನ್ನು ಮತ್ತೆ ತೆಗೆದು ನೋಡಬೇಕು, ಮತ್ತು ಮೊದಲು ನೋಡಬೇಕಾದ್ದು ಪ್ರಶ್ನೆಯನ್ನು: ಅದು ಇನ್ನೂ ತೀರ್ಪು ಕೇಳುತ್ತಿದೆಯೇ, ನಡೆದದ್ದನ್ನು ಕೇಳುತ್ತಿದೆಯೇ?

ಕೊನೆಯದಾಗಿ ಒಂದು ಪತ್ರ ಉಳಿಯುತ್ತದೆ, ಅದನ್ನು ಬರೆಯುವವರು ತೀರ ಕಡಿಮೆ. ತೀರ್ಮಾನವಾದ ಮೇಲೆ, ತಿಂಗಳೋ ಆರು ತಿಂಗಳೋ ಕಳೆದು, ಏನಾಯಿತೆಂದು ಅವರಿಗೆ ತಿಳಿಸುವುದು. ‘ಸರ್, ಸೈಟ್ ಕೆಲಸಕ್ಕೆ ಸೇರಿದೆ, ಗೇಟ್ ಅಂಕ ಕೈಯಲ್ಲಿದೆ, ಎರಡು ವರ್ಷದ ನಂತರ ಕೌನ್ಸೆಲಿಂಗ್‌ಗೆ ಹೋಗುತ್ತೇನೆ’ ಎಂಬ ಒಂದೆರಡು ಸಾಲು ಸಾಕು. ಸಲಹೆಗೆ ವಿರುದ್ಧವಾಗಿ ನಡೆದಿದ್ದರೂ ಕಾರಣ ಹೇಳಿ ಬರೆಯಬಹುದು. ಅದರಿಂದ ಬೇಸರಪಡುವವರು ಕಡಿಮೆ. ಎಂ.ಟೆಕ್ ಎರಡನೆಯ ವರ್ಷದಲ್ಲಿ ಡಿಸೈನ್ ಕಚೇರಿಗಳಲ್ಲಿ ಇಂಟರ್ನ್‌ಶಿಪ್ ಹುಡುಕುವ ಹೊತ್ತಿಗೆ ಅವರಿಗೆ ಬರೆಯುವ ಪತ್ರ ಅಪರಿಚಿತರ ಪತ್ರವಾಗಿರುವುದಿಲ್ಲ.